ತಾತನ ತಿಥಿಯಲ್ಲಿ ಕಟ್ಟಿದ ಗಂಟಲು

ಗೆಳೆಯರೇ, ಬಂಗಾರಪೇಟೆ ಸೀಮೆಯಲ್ಲಿ ನನ್ನಂಥ ಮಾತುಗಾರ ಹುಟ್ಟಿಲ್ಲ. ನಾನು ಬಾಯಿ ತೆರೆದರೆ ರೈಲೂ ನಿಂತು ಕೇಳುತ್ತದೆ. ಅದಕ್ಕೇ ಇವತ್ತು ತಾತನ ತಿಥಿಯಲ್ಲಿ, ಊಟಕ್ಕೆ ಮೊದಲು, ಅವನ ಬಗ್ಗೆ ನಾಲ್ಕು ಮಾತು ಬರೆದು ಓದುವ ಕೆಲಸ ನನಗೇ ಬಂತು. "ಅಳಬ್ಯಾಡ ಕಣ್ಲಾ, ನೀನತ್ರೆ ನಿಮ್ಮಜ್ಜೀನ ಯಾರೂ ಇಡಿಯಾಕಾಗಲ್ಲ" ಎಂದು ಅವ್ವ ಎಚ್ಚರಿಸಿದ್ದಳು.

ನಗುವಿನಿಂದಲೇ ಶುರು ಮಾಡಿದೆ. "ಚಿನ್ನದ ಗಣಿಯಲ್ಲಿ ಆಯುಷ್ಯವೆಲ್ಲ ದುಡಿದ ತಾತ, ಅಜ್ಜಿಗೆ ತಂದುಕೊಟ್ಟ ಹಳದಿ ವಸ್ತು ಅರಿಶಿನದ ಕೊಂಬು ಒಂದೇ." ಅಜ್ಜಿಯೂ ನಕ್ಕಳು. ಮುಂದಿನ ಸಾಲು, ಜ್ವರ ಬಂದ ನನ್ನನ್ನು ತಾತ ಬೂದಿಕೋಟೆಯಿಂದ ಹೆಗಲ ಮೇಲೆ ಹೊತ್ತು ತಂದದ್ದು. ಅಲ್ಲಿ ಗಂಟಲು ಕಟ್ಟಿತು, ಕಾಗದದ ಮೇಲೆ ಕಣ್ಣಿನಿಂದ ಒಂದು ಹನಿಯೂ ಬಿತ್ತು. ಅಜ್ಜಿಯ ಸೆರಗು ಕಣ್ಣಿಗೆ ಹೋಯಿತು.

ತಾತನ ಜೊತೆ ದುಡಿದಿದ್ದ ಮುದುಕ ಮುನಿಸಾಮಿ ಹಿಂದಿನಿಂದ ಕೂಗಿದ: "ಉಸ್ರು ಬುಡ್ಲಾ! ಗಣಿಯೊಳಕ್ಕಿಳಿಯೋವಾಗ ಎದರಿಕೊಂಡೋರ್ಗೆಲ್ಲ ನಿಮ್ ತಾತ ಇಂಗೇ ಏಳೋನು."

ಉಸಿರು ಬಿಟ್ಟೆ. ಅಜ್ಜಿಯೂ ಬಿಟ್ಟಳು. ಹೆಗಲು ಕೊಟ್ಟವರಿಗೆ, ಅಡುಗೆ ಮಾಡಿದವರಿಗೆ ಕೈಮುಗಿದು ಕೊನೆಯ ಸಾಲಿನವರೆಗೂ ಓದಿದೆ. ಸತ್ತ ಮೇಲೂ ತಾತನೇ ನನ್ನನ್ನು ದಡ ಸೇರಿಸಿದ.

ನನ್ನ ಕಣ್ಣಿನಿಂದ ಒಂದು ಹನಿಯೂ ಉದುರುವುದಿಲ್ಲವೆಂದು ಭಾವನ ಹತ್ತಿರ ಪಂದ್ಯ ಕಟ್ಟಿದ್ದೆ. ಒಂದಾಣೆ ಹೋಯಿತೆಂದು ಮನೆಯಲ್ಲಿ ಹೇಳಿದ್ದೇನೆ. ನಿಜವಾಗಿ ಹೋದದ್ದು ಎರಡು ರೂಪಾಯಿ.