ಜಾಹೀರಾತು ಬಿಟ್ಟುಹೋದ ಜಾಗ

ಬ್ಲಾಗ್ ನಡೆಸುವವರಿಗೆ ಮಾತ್ರ ಕಾಣುವ ಹಿಂಬದಿಯ ಪುಟ ಒಂದಿರುತ್ತದೆ. ಅದರಲ್ಲಿ 'ಈ ಕ್ಷಣ ಓದುತ್ತಿರುವವರು' ಎಂಬ ಸಾಲು. ನನ್ನ ಬ್ಲಾಗಿನಲ್ಲಿ ಆ ಸಾಲಿನ ಮುಂದೆ ಬಹಳ ಹೊತ್ತು 'ಒಂದು' ಎಂದೇ ಇರುತ್ತಿತ್ತು. ಆ ಒಬ್ಬ ಓದುಗ ಯಾರೆಂದು ಕಂಡುಹಿಡಿಯಲು ನನಗೆ ಒಂದು ವಾರ ಬೇಕಾಯಿತು. ಅದು ನಾನೇ. ಫೋನಿನಲ್ಲಿ ಪುಟವನ್ನು ತೆರೆದಿಟ್ಟು, ಯಾರಾದರೂ ಓದುತ್ತಿದ್ದಾರೆಯೇ ಎಂದು ಕಂಪ್ಯೂಟರಿನಲ್ಲಿ ನೋಡುತ್ತ ಕೂತಿರುತ್ತಿದ್ದೆ.

ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ನಮ್ಮ ಆವೃತ್ತಿ ನಿಂತಿತು. ನಾನು ಗದಗಿನ ಪಕ್ಕದ ಬೆಟಗೇರಿಗೆ ಬಂದು ಮಾಳಿಗೆಯ ಮೇಲೊಂದು ಕೋಣೆ ಹಿಡಿದೆ. ಕೆಳಗೆ ಮಗ್ಗಗಳಿವೆ. ಹಗಲೆಲ್ಲ ಅವುಗಳ ಸದ್ದು ಕೇಳುತ್ತದೆ, ಆದರೆ ಮಗ್ಗದ ಸದ್ದು ಯಾರನ್ನೂ ಏನನ್ನೂ ಕೇಳುವುದಿಲ್ಲ. ಡೆಸ್ಕಿನಲ್ಲಿ ಗಳಿಗೆಗೊಮ್ಮೆ ಯಾರೋ ಕೂಗುತ್ತಿದ್ದರು: ಈ ಅಂಕಿ ಎಲ್ಲಿಂದ ಬಂತು, ಈ ಊರಿನ ಕಾಗುಣಿತ ಸರಿಯೇ, ಇದನ್ನು ಹೇಳಿದವರು ಯಾರು. ನನಗೆ ಬೇಡವಾಗಿದ್ದ ಆ ಕೂಗು ನಿಂತ ಮೇಲೆ, ದಿನದಲ್ಲಿ ನಾನು ಆಡುವ ಮಾತು ಹಾಲಿನವನ ಜೊತೆಗೆ ಎರಡು, ಬಸ್ ಕಂಡಕ್ಟರ್ ಜೊತೆಗೆ ಒಂದು ಎಂಬಷ್ಟಕ್ಕೆ ಬಂತು.

ಬ್ಲಾಗಿನಲ್ಲಿ ಇದ್ದದ್ದು ಮಾರುಕಟ್ಟೆಯ ದರ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಾಲ್ಕೂ ಕಡೆಯ ಕಡಲೆ, ಶೇಂಗಾ, ಮೆಕ್ಕೆಜೋಳದ ಅಂದಿನ ಕನಿಷ್ಠ ಮತ್ತು ಗರಿಷ್ಠ ಬೆಲೆ ಒಂದೇ ಪುಟದಲ್ಲಿ. ಕೆಳಗೆ ನಾಲ್ಕು ಸಾಲಿನ ಟಿಪ್ಪಣಿ: ಮಾಲಿನ ಆವಕ ಎಷ್ಟಿತ್ತು, ಕಾಳಿನಲ್ಲಿ ತೇವ ಇತ್ತೇ, ಹರಾಜಿನಲ್ಲಿ ಯಾವ ಮಾಲು ಹಾಗೇ ಉಳಿಯಿತು. ವಾರದಲ್ಲಿ ಎರಡು ದಿನ ಲಕ್ಷ್ಮೇಶ್ವರಕ್ಕೆ ಹೋಗಿ ಕಣ್ಣಾರೆ ನೋಡುತ್ತಿದ್ದೆ, ಉಳಿದದ್ದನ್ನು ಫೋನಿನಲ್ಲಿ ಇಬ್ಬರ ಬಾಯಿಂದ ಕೇಳಿ ತಾಳೆ ನೋಡುತ್ತಿದ್ದೆ. ಓದುಗರು ದಿನಕ್ಕೆ ಕೆಲವು ನೂರು. ಬರುತ್ತಾರೆ, ದರ ನೋಡುತ್ತಾರೆ, ಹೋಗುತ್ತಾರೆ. ಅರ್ಧ ನಿಮಿಷವೂ ನಿಲ್ಲುವುದಿಲ್ಲ.

ಎರಡು ವರ್ಷ ಉಳಿತಾಯದ ಹಣದಿಂದ ನಡೆಸಿದೆ. ಬ್ಲಾಗಿನ ವಿಳಾಸವನ್ನೂ ಸರ್ವರಿನ ಜಾಗವನ್ನೂ ಮೂರನೆಯ ವರ್ಷಕ್ಕೆ ನವೀಕರಿಸುವಾಗ ಒಂದು ನಿರ್ಧಾರ ಮಾಡಿದೆ. ಇನ್ನು ಇದು ತನ್ನ ಖರ್ಚು ತಾನು ದುಡಿಯಬೇಕು, ಇಲ್ಲವೇ ನಿಲ್ಲಬೇಕು. ನಿಂತರೆ, ದಿನದ ದರ ಪ್ರಕಟಿಸುವ ಸಂಜೆ ನಾಲ್ಕು ಗಂಟೆಗೆ ನನ್ನಿಂದ ಏನನ್ನೂ ನಿರೀಕ್ಷಿಸುವವರು ಈ ಭೂಮಿಯ ಮೇಲೆ ಇರುವುದಿಲ್ಲ ಎಂಬುದೂ ಗೊತ್ತಿತ್ತು.

ಮೂರು ದಾರಿಗಳಿದ್ದವು: ಪುಟದಲ್ಲಿ ಜಾಹೀರಾತು ಹಾಕುವುದು, ಓದುಗರಿಂದ ಚಂದಾ ಪಡೆಯುವುದು, ಇಲ್ಲವೇ ಆನ್‌ಲೈನ್ ಅಂಗಡಿಯ ವಸ್ತುವಿಗೆ ಲಿಂಕ್ ಕೊಟ್ಟು, ಯಾರಾದರೂ ಕೊಂಡರೆ ಕಮಿಷನ್ ಪಡೆಯುವುದು. ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ ಎಂಬ ಕಾರಣಕ್ಕೆ ಮೊದಲು ಜಾಹೀರಾತು ಆರಿಸಿದೆ. ಕಂಪನಿ ಕೊಟ್ಟ ಕೋಡ್ ಅಂಟಿಸಿದೆ. ಒಪ್ಪಿಗೆ ಬರಲು ಕೆಲವು ವಾರ ಹಿಡಿಯಿತು. ಬಂದ ಮೇಲೆ ಕಡಲೆಗೂ ಶೇಂಗಾಕ್ಕೂ ನಡುವೆ ರಮ್ಮಿ ಆಟ, ಐದು ನಿಮಿಷದ ಸಾಲ, ಕೂದಲಿನ ಎಣ್ಣೆ ಕಾಣಿಸಿಕೊಂಡವು. ರಮ್ಮಿಯನ್ನೂ ಸಾಲವನ್ನೂ ಆಯ್ಕೆಯ ಪಟ್ಟಿಗೆ ಹೋಗಿ ತಡೆದೆ, ಗಳಿಕೆ ಇನ್ನೂ ಕಡಿಮೆಯಾಯಿತು. ಅರ್ಧ ನಿಮಿಷ ನಿಲ್ಲುವ ಕೆಲವು ನೂರು ಓದುಗರಿಂದ ದಿನಕ್ಕೆ ಬರುವುದು ಒಂದು ಚಹಾಕ್ಕೂ ಸಾಲುತ್ತಿರಲಿಲ್ಲ. ನೂರು ಡಾಲರ್ ಆಗುವವರೆಗೆ ಕಂಪನಿ ಹಣ ಕಳಿಸುವುದೂ ಇಲ್ಲ. ಹತ್ತು ದಾಟಿದಾಗ ವಿಳಾಸ ಖಚಿತಪಡಿಸಿಕೊಳ್ಳಲು ಒಂದು ಗುಪ್ತಸಂಖ್ಯೆಯ ಲಕೋಟೆ ಅಂಚೆಯಲ್ಲಿ ಬಂತು. ಆ ವರ್ಷ ನನ್ನ ಹೆಸರಿಗೆ ಬಂದ ಏಕೈಕ ಕಾಗದ ಅದು. ಸಂಖ್ಯೆಯನ್ನು ತುಂಬಿಸಿದ ಮೇಲೂ ಲಕೋಟೆಯನ್ನು ಎಸೆಯಲಿಲ್ಲ.

ಲಕ್ಷ್ಮೇಶ್ವರದ ಮಾರುಕಟ್ಟೆಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಕಾಳಿನ ದಲಾಲ, ಶಾಲೆಯಲ್ಲಿ ನನ್ನ ಜೊತೆ ಕೂತವನು. ಒಂದು ದಿನ ಅವನ ಅಂಗಡಿಯ ಗಾದಿಯ ಮೇಲೆ ಕೂತಾಗ ಕೇಳಿದ.

"ಅಲ್ಲಲೇ, ಆ ಎಣ್ಣಿ ಜಾಹೀರಾತು ಹಾಕಿದ್ದಕ್ಕ ನಿನಗೇನ್ ಸಿಗತೈತಿ? ತಲ್ಯಾಗ ಕೂದಲಾ ಇಲ್ಲ, ಎಣ್ಣಿ ಮಾರಾಕ ಕುಂತೀದಿ."

"ನೋಡಿದ್ರ ಒಂದೀಟು, ಯಾರರ ಅದನ್ನ ಒತ್ತಿದ್ರ ಇನ್ನೊಂದೀಟು," ಎಂದೆ.

ಅಷ್ಟೇ ಹೇಳಿದ್ದು. ಆಮೇಲೆ ಮಾತು ಶೇಂಗಾದ ಕಡೆ ಹೋಯಿತು.

ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಎಂಬುದಿದೆ. ಮಂಟಪದ ಬಾಗಿಲಲ್ಲಿ ಒಬ್ಬ ವಹಿ ಹಿಡಿದು ಕೂತಿರುತ್ತಾನೆ. ಯಾರು ಏನು ಕೊಟ್ಟರೆಂದು ಬರೆಯುತ್ತಾನೆ, ಮೈಕಿನಲ್ಲಿ ಹೇಳುತ್ತಾರೆ. ಇಂದು ಉಂಡವನು ನಾಳೆ ತಿರುಗಿ ಕೊಡಲೇಬೇಕು. ಎರಡು ವರ್ಷ ಪುಕ್ಕಟೆ ದರ ಓದಿದ ಮಾರುಕಟ್ಟೆಯವರಿಗೆ ನನ್ನ ಮುಯ್ಯಿ ಬಾಕಿ ಉಳಿದಿದೆ ಅನ್ನಿಸಿರಬೇಕು. ಗೆಳೆಯ ಅವರಿಗೆಲ್ಲ ತಿರುಗಿಸುವ ದಾರಿ ತೋರಿಸಿದ. ಹರಾಜು ಮುಗಿದ ಮೇಲೆ ಅವನ ಅಂಗಡಿಯಲ್ಲಿ ದಲಾಲರು, ಗುಮಾಸ್ತರು, ಹಮಾಲರು ಸಾಲಾಗಿ ಕೂತು, ಒಬ್ಬೊಬ್ಬರೂ ತಮ್ಮ ಫೋನಿನಲ್ಲಿ ಆ ಎಣ್ಣೆಯ ಜಾಹೀರಾತನ್ನು ಒತ್ತಿದರು. ಮರುದಿನವೂ ಒತ್ತಿದರು.

ಅಂಕಿಗಳಲ್ಲಿ ಅದನ್ನು ಕಂಡಾಗ ಹಳೆಯ ಅಭ್ಯಾಸ ಎಚ್ಚರಿಸಿತು. ಒಂದೇ ಊರು, ಒಂದೇ ಗಂಟೆ, ಎರಡು ದಿನದ ಗಳಿಕೆ ನಾಲ್ಕು ತಿಂಗಳಿನದಕ್ಕಿಂತ ಹೆಚ್ಚು. ಇಷ್ಟು ಒಳ್ಳೆಯ ಸುದ್ದಿ ನಿಜವಿರುವುದಿಲ್ಲ. ಫೋನ್ ಮಾಡಿದೆ.

"ಒತ್ತೀವಿ, ಮತ್ತೇನ್! ಹಮಾಲರ ಮುಖ್ಯಸ್ಥ ಒಬ್ಬನ ಐವತ್ತ ಸಲ ಒತ್ತ್ಯಾನ. ಕೈಬೆರಳ ನೊಂದಾವ ಅಂತಾನ. ಈಗರ ಒಂದ್ ಹೊಸಾ ಅಂಗಿ ತಗೋ."

ಅವನ ದನಿಯಲ್ಲಿ ಸಂತೋಷ ತುಂಬಿತ್ತು. "ಇನ್ನ ಒತ್ತಬ್ಯಾಡ್ರಿ ಅಂತ ಹೇಳಪಾ ಅವರಿಗೆ," ಎಂದಷ್ಟೇ ಹೇಳಿ ಫೋನ್ ಇಟ್ಟೆ. ಆದದ್ದನ್ನು ಆದ ಹಾಗೆ ಬರೆದು ಕಂಪನಿಗೆ ನಾನೇ ತಿಳಿಸಿದೆ. ಆದರೂ ಕೆಲವೇ ದಿನಗಳಲ್ಲಿ ಖಾತೆ ಮುಚ್ಚಿದರು. ಅಸಹಜ ಕ್ಲಿಕ್ ಎಂಬುದು ಕಾರಣ. ಸೇರಿದ್ದ ಹಣ ನನಗೆ ಬರಲಿಲ್ಲ. ಮೇಲ್ಮನವಿ ಹಾಕಿದೆ. ಯಾರ ಸಹಿಯೂ ಇಲ್ಲದ ಎರಡು ಸಾಲಿನಲ್ಲಿ ಅದೂ ತಿರಸ್ಕೃತವಾಯಿತು. ಅವರದು ತಪ್ಪು ಎಂದು ನಾನು ಹೇಳಲಾರೆ. ಎಣ್ಣೆಯವನು ಹಣ ಕೊಟ್ಟದ್ದು ಎಣ್ಣೆ ಬೇಕಾದವರಿಗಾಗಿ.

ಕಡಲೆಗೂ ಶೇಂಗಾಕ್ಕೂ ನಡುವೆ ಒಂದು ಬಿಳಿ ಚೌಕ ಉಳಿಯಿತು. ಗೆಳೆಯನಿಗೆ ಕಾರಣ ಹೇಳಲಿಲ್ಲ. ಕಂಪನಿಯವರು ನಿಲ್ಲಿಸಿದರು ಎಂದೆ.

ಎರಡನೆಯದು ಲಿಂಕಿನ ದಾರಿ. ರಾಶಿ ಮುಚ್ಚುವ ತಾಡಪತ್ರಿ, ತೂಕದ ಯಂತ್ರ, ತೇವ ಅಳೆಯುವ ಮೀಟರ್, ಮೂರಕ್ಕೆ ಲಿಂಕ್ ಹಾಕಿ, ಚೆನ್ನಾಗಿದೆ ಎಂದು ಒಂದೊಂದು ಸಾಲು ಬರೆದೆ. 'ಇಲ್ಲಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ, ನಿಮಗೆ ಬೆಲೆ ಹೆಚ್ಚಾಗುವುದಿಲ್ಲ' ಎಂದು ಮೇಲೆಯೇ ಬರೆದೆ. ಒಂದು ತಿಂಗಳಾದರೂ ಒಂದೂ ಮಾರಾಟವಾಗಲಿಲ್ಲ. ನಮ್ಮವರು ಲಿಂಕ್ ಒತ್ತಿ ಚಿತ್ರ ನೋಡುತ್ತಾರೆ, ಹೆಂಡತಿಗೆ ತೋರಿಸುತ್ತಾರೆ, ಮೂರು ದಿನ ಬಿಟ್ಟು ಗದಗಿಗೆ ಬಂದಾಗ ಅಂಗಡಿಯಲ್ಲಿ ಕೈಯಿಂದ ಎಳೆದು ನೋಡಿ ಕೊಳ್ಳುತ್ತಾರೆ. ಆನ್‌ಲೈನ್ ಅಂಗಡಿ ಲಿಂಕನ್ನು ನೆನಪಿಡುವುದು ಒಂದೇ ದಿನ. ಆರು ತಿಂಗಳಲ್ಲಿ ಮೂರು ಮಾರಾಟ ಆಗದಿದ್ದರೆ ಖಾತೆಯನ್ನೂ ತೆಗೆದುಹಾಕುತ್ತದೆ.

ಆ ಗಡುವಿನವರೆಗೆ ನಾನು ಕಾಯಲಿಲ್ಲ. ಸೊರಟೂರಿನಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದರು. ತಾವೇ ಹೊಲ ಮಾಡಿಸುತ್ತಾರಂತೆ.

"ಅಣ್ಣಾರ, ಆ ತಾಡಪತ್ರಿ ನೀವು ಹಾಸಿ ನೋಡೀರೇನ್ರಿ?"

"ಇಲ್ಲವ್ವಾ."

"ನಿಮ್ಮ ಮನಿಯಾಗ ಐತೇನ್ರಿ?"

"ಇಲ್ಲ."

"ಮತ್ತ ಚಲೋ ಐತಿ ಅಂತ ಹೆಂಗ ಬರದ್ರಿ? ದರಾ ಬರೀವಾಗ ಹಂಗ ಬರೀತೀರೇನು?"

ಇಪ್ಪತ್ತೆರಡು ವರ್ಷ ನಾನು ಬೇರೆಯವರಿಗೆ ಕೇಳಿದ ಪ್ರಶ್ನೆ ಅದು. ಫೋನ್ ಇಟ್ಟ ಮೇಲೆ ಲಿಂಕುಗಳನ್ನು ತೆಗೆದೆ.

ಉಳಿದದ್ದು ಚಂದಾ, ಅಂದರೆ ನಾನು ಮೊದಲಿನಿಂದ ತಪ್ಪಿಸಿಕೊಂಡಿದ್ದ, ಕೇಳುವ ಕೆಲಸ. ಕೇಳಿದರೆ ಉತ್ತರ ಬರುತ್ತದೆ. ಯಾರೂ ಕೊಡದಿದ್ದರೆ, ಯಾರೂ ಇಲ್ಲ ಎಂಬುದು ಲೆಕ್ಕದಲ್ಲಿ ಸಾಬೀತಾಗುತ್ತದೆ. ದರಕ್ಕೆ ಬೀಗ ಹಾಕಲು ಮನಸ್ಸಾಗಲಿಲ್ಲ, ಹಾಕಿದರೆ ಅದು ಹೆಚ್ಚು ಬೇಕಾದವನೇ ಹೊರಗುಳಿಯುತ್ತಾನೆ. ದರ ಎಲ್ಲರಿಗೂ ತೆರೆದಿರುತ್ತದೆ, ಚಂದಾದಾರರಿಗೆ ಭಾನುವಾರ ಒಂದು ಪತ್ರ, ಮತ್ತು ಪ್ರಶ್ನೆ ಕೇಳಿದರೆ ಉತ್ತರ, ಎಂದು ಬರೆದೆ. ಮೊದಲು ತಿಂಗಳಿಗೊಮ್ಮೆ ತಾನಾಗಿ ಕಡಿತವಾಗುವಂತೆ ಇಟ್ಟಿದ್ದೆ. ಎರಡು ವಾರದಲ್ಲಿ ಸೇರಿದವರು ಇಬ್ಬರು. ಮುಂಡರಗಿಯ ನಿವೃತ್ತ ಶಿಕ್ಷಕರೊಬ್ಬರು ಫೋನ್ ಮಾಡಿ ತಿಳಿಹೇಳಿದರು: "ಸರ್, ತಾನ ಕಟ್ ಆಗ್ತೈತಿ ಅಂದ್ರ ನಮ್ಮ ಮಂದಿ ಅಂಜತಾರ. ವರ್ಷಕ್ಕೊಮ್ಮೆ ಕೇಳ್ರಿ, ಸುಗ್ಗಿ ಆದಮ್ಯಾಲೆ. ಕೈಲೆ ಕೊಟ್ರ ಕೊಟ್ಟಂಗ ಅನಸಬೇಕು." ಹಾಗೇ ಬದಲಿಸಿದೆ.

ಸುದ್ದಿ ಲಕ್ಷ್ಮೇಶ್ವರಕ್ಕೆ ಮುಟ್ಟಿತು. ಮುಂದಿನ ಸಲ ಹೋದಾಗ ಗೆಳೆಯ ಒಂದು ಪಟ್ಟಿ ಮುಂದಿಟ್ಟ. ನಲವತ್ತು ದಲಾಲರ ಹೆಸರು.

"ಎಲ್ಲಾರದೂ ನಾನ ತುಂಬತೀನಿ. ಒಂದ ಸಲಕ್ಕ ಮುಗೀತು. ಮನಿಮನಿ ಯಾಕ ತಿರಗತೀ?"

ವರ್ಷದ ಖರ್ಚೆಲ್ಲ ಆ ಪಟ್ಟಿಯಲ್ಲಿತ್ತು. ಪಟ್ಟಿಯನ್ನು ಮಡಚಿ ಅವನ ಕಡೆಗೆ ಸರಿಸಿದೆ.

"ನಿನ್ನದೊಂದು ತುಂಬು. ಉಳಿದವರು ಬೇಕಂದ್ರ ತಾವ ತುಂಬ್ಲಿ. ನಲವತ್ತು ನೀ ಒಬ್ಬನ ಕೊಟ್ರ, ನಾಳೆ ನಿನ್ನ ಅಂಗಡಿ ಮಾಲಿನ ದರಾ ಕಡಿಮಿ ಅಂತ ನಾ ಹೆಂಗ ಬರೀಲಿ?"

"ಅಂದ್ರ ನಾ ನಿನ್ನ ಕೊಂಡಕೊಳ್ಳಾಕ ಬಂದೀನಿ ಅಂದಂಗಾತು."

"ಹಂಗ ಅಲ್ಲೋ. ಓದಿದವರು ಹಂಗ ತಿಳೀತಾರ."

"ಎರಡ ದಿನ ಬೆರಳ ನೊಂದ್ವು ನಮ್ಮವು. ಅದೂ ನೀನು ಬ್ಯಾಡ ಅಂದಿ. ಏನ್ ಕೊಟ್ರೂ ಒಲ್ಲೆ ಅಂತೀದಿ. ನಿನಗ ಯಾರೂ ಬೇಕಾಗಿಲ್ಲ ಬಿಡು."

ಚಹಾ ಬಂತು. ಇಬ್ಬರೂ ಮುಟ್ಟಲಿಲ್ಲ. ಮಲ್ಲಸಮುದ್ರ ದಾಟುವವರೆಗೂ ಬಸ್ಸಿನಲ್ಲಿ ನಾನು ಅವನ ಕೊನೆಯ ಮಾತನ್ನೇ ತಿದ್ದುತ್ತ ಕೂತಿದ್ದೆ. ಅದರಲ್ಲಿ 'ಬೇಕಾಗಿಲ್ಲ' ಎಂಬ ಒಂದು ಪದ ತಪ್ಪಿತ್ತು, ಆದರೆ ಅದನ್ನು ಅವನಿಗೆ ಹೇಳುವ ರೀತಿ ನನಗೆ ತಿಳಿಯಲಿಲ್ಲ.

ಆಮೇಲೆ ಏಳು ವಾರ ಅವನ ಫೋನ್ ಬರಲಿಲ್ಲ. ಮಾರುಕಟ್ಟೆಗೆ ಹೋದರೂ ನಾನು ಹರಾಜಿನ ಕಟ್ಟೆಯಿಂದಲೇ ತಿರುಗಿ ಬರುತ್ತಿದ್ದೆ. ಸುಗ್ಗಿ ಮುಗಿಯಿತು. ಚಂದಾದಾರರು ಒಬ್ಬೊಬ್ಬರಾಗಿ ಬಂದರು. ಸೊರಟೂರಿನ ಹೆಣ್ಣುಮಗಳು, ಮುಂಡರಗಿಯ ಶಿಕ್ಷಕರು, ಶಿರಹಟ್ಟಿಯ ಕಿರಾಣಿ ಅಂಗಡಿಯವರು, ನಾನು ಎಂದೂ ನೋಡದ ಹಲವರು. ಮೂವತ್ತೊಂದು ಜನ. ವಿಳಾಸದ ಮುಂದಿನ ನವೀಕರಣಕ್ಕೆ ಸಾಕು, ಬಸ್ಸಿಗೂ ಬಹುತೇಕ ಸಾಕು. ಬ್ಲಾಗ್ ನಿಲ್ಲುವುದಿಲ್ಲ ಎಂದು ಖಚಿತವಾದ ದಿನ ಅದನ್ನು ಹೇಳಿಕೊಳ್ಳಲು ಯಾರಿಗೆ ಫೋನ್ ಮಾಡುವುದೆಂದು ಯೋಚಿಸಿದೆ. ಒಂದೇ ಸಂಖ್ಯೆ ನೆನಪಾಯಿತು. ಆ ಸಂಖ್ಯೆಗೆ ಮಾಡಲಿಲ್ಲ.

ಮೂವತ್ತೆರಡನೆಯ ಚಂದಾ ಒಂದು ಬುಧವಾರ ಮಧ್ಯಾಹ್ನ ಬಂತು. ಹೆಸರು ನೋಡಿದೆ. ಗೆಳೆಯನದು. ಅವನೊಬ್ಬನದೇ, ಒಂದೇ ಮೊತ್ತ. ಜೊತೆಗೆ ಏನೂ ಬರೆದಿರಲಿಲ್ಲ. ನಾನೂ ಎಲ್ಲರಿಗೂ ಹೋಗುವ ಸ್ವಾಗತದ ಪತ್ರವನ್ನೇ ಕಳಿಸಿದೆ.

ಶುಕ್ರವಾರ ನಾಲ್ಕು ಗಂಟೆ ಐದು ನಿಮಿಷಕ್ಕೆ ಅವನ ಫೋನ್ ಬಂತು.

"ಲೇ ಪತ್ರಕರ್ತಾ, ಕಡ್ಲಿ ಕನಿಷ್ಠ, ಗರಿಷ್ಠ ಅದಲಬದಲ ಹಾಕೀಯಲ್ಲ. ಕಣ್ಣು ಎಲ್ಲಿಟ್ಟಿದ್ದಿ?"

ನೋಡಿದೆ. ಹೌದು, ಲಕ್ಷ್ಮೇಶ್ವರದ ಸಾಲಿನಲ್ಲಿ ಎರಡೂ ಅಂಕಿ ಸ್ಥಳ ಬದಲಿಸಿದ್ದವು.

"ಖರೆ. ತಪ್ಪಾಗೈತಿ."

"ತಪ್ಪಾಗೈತಿ ಅಂದ್ರ ಆತೇನು? ಪುಕ್ಕಟ ಓದುವಾಗ ಸುಮ್ಮನಿದ್ದೆ. ಈಗ ರೊಕ್ಕಾ ಕೊಟ್ಟೀನಿ. ಜಲ್ದಿ ತಿದ್ದು, ನಾ ಇಲ್ಲೇ ನೋಡಕೋತ ಕುಂಡ್ರತೀನಿ."

ಅವನು ಫೋನ್ ಇಡಲಿಲ್ಲ. ಅವನ ಹಿಂದೆ ತಕ್ಕಡಿಯ ಸದ್ದು, ಯಾರೋ ಚೀಲ ಎಣಿಸುವ ದನಿ ಕೇಳುತ್ತಿತ್ತು. ಎರಡು ಅಂಕಿಗಳನ್ನು ಸರಿಮಾಡಿದೆ. ತಿದ್ದಿದ್ದನ್ನು ಓದುಗರಿಂದ ಮುಚ್ಚಿಡಬಾರದು ಎಂಬುದು ಡೆಸ್ಕಿನಲ್ಲಿ ಕಲಿತದ್ದು. ಕಡಲೆಗೂ ಶೇಂಗಾಕ್ಕೂ ನಡುವಿನ ಬಿಳಿ ಚೌಕದಲ್ಲಿ ಟೈಪ್ ಮಾಡಿದೆ: 'ತಿದ್ದುಪಡಿ: ಲಕ್ಷ್ಮೇಶ್ವರದ ಕಡಲೆ ದರ ಮೊದಲು ತಪ್ಪಾಗಿ ಪ್ರಕಟವಾಗಿತ್ತು. ಗಮನಕ್ಕೆ ತಂದವರು ಒಬ್ಬ ಚಂದಾದಾರರು.'

"ಬಂತೇನು?" ಎಂದು ಕೇಳಿದೆ.

"ತಡಿ," ಎಂದ. "ಬರಾಕತ್ತೈತಿ."