ಗುರುವಾರ ಸಂಜೆಯೊಳಗೆ ನೋಡಿಕೊಡಿ, ಸರ್

ಗೌರಿಬಿದನೂರಿನ ನಮ್ಮ ಗಾರ್ಮೆಂಟ್ಸ್ ಘಟಕ ಮುಚ್ಚುತ್ತದೆ ಎಂದು ನೋಟಿಸ್ ಅಂಟಿಸಿದ ವಾರ ಕ್ಯಾಂಟೀನಿನಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಎಲ್ಲರಿಗೂ ದುಃಖ, ನನಗೆ ಮಾತ್ರ ಮೈಯೆಲ್ಲ ಸಿಟ್ಟು. ಮಂಚೇನಹಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬಂದು, ದಿನವಿಡೀ ಶರ್ಟುಗಳ ತಪ್ಪು ಹುಡುಕಿದ್ದಕ್ಕೆ ಸಿಕ್ಕಿದ್ದು ಒಂದು ನೋಟಿಸ್.

ಚಿಕ್ಕಬಳ್ಳಾಪುರದ ಹತ್ತಿರದ ಕಾರ್ಖಾನೆಯೊಂದಕ್ಕೆ ಕ್ವಾಲಿಟಿ ಸೂಪರ್‌ವೈಸರ್ ಬೇಕಾಗಿದ್ದರು. ಆ ಕೆಲಸ ಸಿಗದಿದ್ದರೆ ಮನೆಯಲ್ಲಿ ಕೂರುವುದೇ ಗತಿ. ನನಗೆ ಕೆಲಸ ಕಲಿಸಿದ ನಮ್ಮ ವಿಭಾಗದ ಹಿರಿಯರಿಗೆ ಮೇಲ್ ಬರೆದೆ.

"ಸರ್, ನನ್ನ ರೆಸ್ಯೂಮೆಯ ಕರಡು ಮತ್ತು ಜಾಹೀರಾತನ್ನು ಲಗತ್ತಿಸಿದ್ದೇನೆ. ಮುಖ್ಯವಾಗಿ ಮೂರು ವಿಷಯ ನೋಡಿ. ನಾನು ಮಾಡಿದ ಕೆಲಸವನ್ನು ಸರಿಯಾಗಿ ಬರೆದಿದ್ದೇನೆಯೇ? ಬಾಣಂತನಕ್ಕೆ ಬಿಟ್ಟ ಅವಧಿಯನ್ನು ಹೇಗೆ ತೋರಿಸಲಿ? ಎರಡನೇ ಪುಟ ಬೇಕೇ? ಇಂಗ್ಲಿಷನ್ನು ತಂಗಿ ತಿದ್ದುತ್ತಾಳೆ. ಶನಿವಾರ ಕೊನೆಯ ದಿನ. ಗುರುವಾರ ಸಂಜೆಯೊಳಗೆ ತಿಳಿಸಿದರೆ ಸರಿಪಡಿಸಿ ಕಳಿಸುತ್ತೇನೆ. ಬಿಡುವಿಲ್ಲದಿದ್ದರೆ ದಯವಿಟ್ಟು ಹೇಳಿ, ಬೇಸರವಿಲ್ಲ."

ಗುರುವಾರ ಮಧ್ಯಾಹ್ನ ಅವರು ಪ್ರಿಂಟ್ ತಂದು ನನ್ನ ಮೇಜಿನ ಮೇಲಿಟ್ಟರು. ತಪ್ಪಿದ್ದ ಬಟ್ಟೆಗೆ ನಾವು ಅಂಟಿಸುವ ಕೆಂಪು ಬಾಣದ ಸ್ಟಿಕ್ಕರುಗಳು ಪುಟದ ತುಂಬ ಇದ್ದವು. 'ಸರ್ ಮಾರ್ಗದರ್ಶನದಲ್ಲಿ' ಎಂದು ಗೌರವಕ್ಕೆ ಬರೆದಿದ್ದ ಕಡೆಯೆಲ್ಲ ಒಂದೊಂದು.

"ಕಾಲರ್ ಬಣ್ಣ ಬೇರೆ ಐತೆ ಅಂತ ಲೋಡ್ ನಿಲ್ಸಿದ್ದು ಯಾರಮ್ಮ?"

"ನಾನೇ ಸರ್. ಮ್ಯಾನೇಜರ್ ಬೈದಾಗ ಲೋಡ್ ನಿಲ್ಸೋ ಕಾಗದಕ್ಕೆ ಸೈನ್ ಹಾಕಿದ್ದು ನೀವು."

"ಸೈನ್ ಬಿಡು. ನೀನ್ ಮಾಡಿದ್ದು ನಿಂದೇ ಅಂತ ಬರಿ. ಮಗೂಗೆ ರಜ ಹಾಕ್ದೆ ಅಂತ ಒಂದು ಲೈನ್ ಸಾಕು. ಎರಡನೇ ಪುಟ ತೆಗಿ."

ಆಮೇಲೆ ಬ್ಯಾಗಿನಿಂದ ತಮ್ಮದೊಂದು ಹಾಳೆ ತೆಗೆದರು. ತಂದೆಯ ಹೆಸರು, ವಯಸ್ಸು ಐವತ್ತೆರಡು, ಊರು, ತಾಲ್ಲೂಕು, ಕೊನೆಗೆ 'ಮೇಲಿನದೆಲ್ಲ ಸತ್ಯ' ಎಂಬ ಘೋಷಣೆ. ಮಾಡಿದ ಕೆಲಸಕ್ಕೆ ಒಂದೇ ಸಾಲು.

"ನಂದೂ ಒಂದ್ಸಲ ನೋಡಮ್ಮ."

"ಯಾವಾಗ ಬೇಕು ಸರ್? ನೀವೂ ಇದಕ್ಕೇ ಹಾಕ್ತೀರಲ್ವಾ?"

"ಆತುರ ಏನಿಲ್ಲ," ಎಂದು ಎದ್ದು ಹೋದರು.

ಅವರು ಹೇಳಿದಂತೆಯೇ ತಿದ್ದಿ ಕಳಿಸಿದೆ. ಸಂದರ್ಶನದಲ್ಲಿ ಕೇಳಿದ್ದೂ ಆ ಕಾಲರ್ ವಿಷಯವನ್ನೇ. ಕೆಲಸ ಸಿಕ್ಕಿತು.

ಅವರ ಹಾಳೆಗೆ ಆ ಸೈನ್ ವಿಷಯವನ್ನು ನಾನೇ ಸೇರಿಸಿದೆ. ಅದೇ ಕಾರ್ಖಾನೆಗೆ ಇನ್ನೊಬ್ಬರು ಬೇಕಾಗಬಹುದೆಂದು ಹಳೆಯ ಜಾಹೀರಾತನ್ನು ಮತ್ತೆ ತೆರೆದೆ. ವಯಸ್ಸು ನಲವತ್ತೈದು ಮೀರಿರಬಾರದು ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ನಾನದನ್ನು ಓದಿರಲಿಲ್ಲ. ಎಲ್ಲವನ್ನೂ ಎರಡು ಸಲ ನೋಡುವ ಅವರು ಓದಿದ್ದರು, ನನ್ನ ರೆಸ್ಯೂಮೆಯ ಜೊತೆಗೇ.