ಅತ್ತೆಯನ್ನು ಎತ್ತುವ ಬಟ್ಟೆ

ಕೈ ಹತ್ತಿ, ಬಾಯಿ ಕತ್ತಿ ಎಂದು ಬೀದಿಯವರು ಹೇಳುತ್ತಿದ್ದ ಹಿರಿಯಾಕೆ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಜೀವಮಾನವೆಲ್ಲ ಮಗ್ಗದ ಮುಂದೆ ಕೂತವಳು ಈಗ ಒಳಕೋಣೆಯ ಮಂಚದ ಮೇಲೆ. ಮಗ, ಸೊಸೆ ಕಂಕುಳಿಗೆ ಕೈಹಾಕಿ ಎತ್ತಿದರೆ ಈರುಳ್ಳಿ ಸಿಪ್ಪೆಯಂಥ ಚರ್ಮ ಕಿತ್ತುಬರುತ್ತಿತ್ತು. "ನನ್ನ ಮುಟ್ಟಬೇಡ್ರಿ" ಎಂದು ಗೋಡೆಯತ್ತ ಮುಖ ಮಾಡಿದಳು. ಹೀಗೇ ಮಲಗಿದ್ದರೆ ಬೆನ್ನೆಲ್ಲ ಹುಣ್ಣಾಗುತ್ತದೆ ಎಂದು ನರ್ಸ್ ಎಚ್ಚರಿಸಿ ಹೋದಳು.

ಸೊಸೆಗೆ ಮಗ್ಗ ಕಲಿಸಿದವಳು ಆ ಅತ್ತೆಯೇ. ಮಲಗಿದಂತೆಯೇ ಎತ್ತಲು ಹಿಡಿಕೆಯಿರುವ ಬಟ್ಟೆಯೊಂದನ್ನು ನೇಯೋಣವೆಂದು ಸೊಸೆ ಕೂತಳು. ಮೆತ್ತಗಿರಲಿ ಎಂದು ಹುರಿ, ಅಂದರೆ ತಿರುಚು, ಕಡಿಮೆಯಿರುವ ನೂಲನ್ನೇ ಆರಿಸಿ, ಎಳೆಗಳನ್ನು ವಿರಳವಾಗಿಟ್ಟು ನೇಯ್ದಳು. ಕೈಗೆ ಬೆಣ್ಣೆ! ಆದರೆ ಮರಳಿನ ಮೂಟೆಯಿಟ್ಟು ಗಂಡನ ಜೊತೆ ಎತ್ತಿದಾಗ ಎಳೆಗಳು ಅತ್ತಿತ್ತ ಸರಿದು ಬಟ್ಟೆ ಬಾಯಿಬಿಟ್ಟಿತು. ಬಿಗಿಯಿಲ್ಲದ ನೂಲಿನ ನಾರುಗಳು ಒಂದನ್ನೊಂದು ಹಿಡಿಯದೆ ಜಾರಿ, ಮೂಟೆ ದೊಪ್ಪನೆ ಬಿತ್ತು.

"ಅಲ್ಲಿ ಬಿದ್ದಿದ್ದು ನಾನಲ್ಲ ತಾನೇ?" ಒಳಗಿಂದ ದನಿ ಬಂತು.

ಈ ಸಲ ಬಿಗಿ ಹುರಿಯ ನೂಲು, ದಟ್ಟ ಎಳೆ, ಒಂದರ ಮೇಲೆ ಒಂದರ ಕೆಳಗೆ ಹೋಗುವ ಸಾದಾ ನೇಯ್ಗೆ. ಎರಡು ಮೂಟೆ ಹೇರಿದರೂ ಜಗ್ಗಲಿಲ್ಲ. ಅತ್ತೆ ಮುಖ ತಿರುಗಿಸದೆಯೇ ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು.

"ಇದು ಬಟ್ಟೆನೋ ಬಾಗಿಲೋ? ಚಿಲಕ ಎಲ್ಲಿಟ್ಟಿದೀಯ?"

ಸೊಸೆಗೆ ಅಳುವೂ ನಗುವೂ ಒಟ್ಟಿಗೆ ಬಂದವು. ತನ್ನ ಪುಟ್ಟ ಮಗುವಿಗೆ ಹಾಲು ಕುಡಿಸುತ್ತಲೇ ಯೋಚಿಸಿ, ಮೂರನೆಯದನ್ನು ಓರೆ ನೇಯ್ಗೆಯಲ್ಲಿ ಹಾಕಿದಳು. ಎರಡರ ಮೇಲೆ, ಎರಡರ ಕೆಳಗೆ, ಪ್ರತಿ ಸಾಲಿಗೂ ಒಂದೆಳೆ ಪಕ್ಕಕ್ಕೆ. ಎಳೆಗಳ ಲೆಕ್ಕ ಮಾತ್ರ ಹಳೆಯದೇ. ಬಟ್ಟೆ ಮೆತ್ತಗಾಯಿತು, ಆದರೆ ಭಾರ ಬಿದ್ದೊಡನೆ ಜೋಲುಬಿತ್ತು. ಸೋತು, ತುಂಡನ್ನು ಅತ್ತೆಯ ಪಕ್ಕಕ್ಕೆ ಹಾಕಿದಳು.

"ನೀವೇ ಹೇಳಿ ಅತ್ತೆ. ನನ್ ಕೈಲಾಗಲ್ಲ."

ಗೋಡೆಯತ್ತಲಿದ್ದ ಮುಖ ಮೊದಲ ಸಲ ಈಚೆ ತಿರುಗಿತು.

"ಹೆಜ್ಜೆಹೆಜ್ಜೆಗೂ ಕಟ್ಟಿ ಹಾಕಿದ್ರೆ ಎಳೆ ಸೆಟೆಯುತ್ತೆ. ಓರೆ ಹಾಕಿ ಕಟ್ಟು ಕಡಿಮೆ ಮಾಡಿದ್ದು ಸರಿ. ಬಿಟ್ಟ ಜಾಗ ತುಂಬೋರ್ಯಾರು, ನಿಮ್ಮಪ್ಪನಾ? ಎಳೆ ಇನ್ನೂ ಸೇರಿಸು, ಅದೇ ನೇಯ್ಗೆಲಿ ಹಿಡಿಸುತ್ತೆ. ಉದ್ದದ ಹಾಸು ಎಳೆಗೆ ಬಿಗಿ ಹುರಿ, ಅಡ್ಡದ ಹೊಕ್ಕು ಎಳೆಗೆ ಅದಕ್ಕಿಂತ ಒಂಚೂರು ಸಡಿಲ. ತೀರಾ ಸಡಿಲ ಬೇಡ! ಹಿಡಿಕೆ ಹಾಸಿನ ತುದಿಗೇ ಬರ್ಲಿ. ಭಾರ ಹಾಸೇ ಹೊರಲಿ."

ನಾಲ್ಕನೆಯ ಬಟ್ಟೆ ಎರಡು ಮೂಟೆಯನ್ನೂ ಹೊತ್ತಿತು. ಕೈಮೇಲೆ ಹಾಕಿದರೆ ಮಗುವಿನ ತೊಡೆಯಂತೆ ಮಡಿಸಿಕೊಂಡು ಬಿತ್ತು. ಅದನ್ನು ಅತ್ತೆಯ ಬೆನ್ನಡಿಗೆ ಸರಿಸಿ, ಗಂಡಹೆಂಡತಿ ಎರಡು ಕಡೆ ಹಿಡಿದು ಎತ್ತಿದರು. ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿದಳು. ನರಳಾಟ ಕೇಳಲಿಲ್ಲ. ಮೆಲ್ಲಗೆ ಕಣ್ಣು ತೆರೆದು ಪಕ್ಕದ ಅಂಚನ್ನೇ ದಿಟ್ಟಿಸಿದಳು.

"ಅಂಚು ಸೊಟ್ಟ."

"ಬಿಚ್ಚಿ ಮತ್ತೆ ನೇಯ್ಲಾ?"

"ಮೇಲೆತ್ತಿಕೊಂಡು ಕೇಳ್ತೀಯಲ್ಲೇ! ಮೊದ್ಲು ನನ್ನ ಕಿಟಕಿ ಹತ್ರ ಬಿಸಿಲಿಗೆ ಒಯ್ರಿ. ಆ ಮಗ್ಗ ಕಾಣೋ ಹಾಗೆ ಕೂರಿಸ್ರಿ, ನಿನ್ನ ಅಂಚು ನೋಡ್ಕೋತೀನಿ."